ರೀಚ್ ದಿಢೀರನೆ ಬಿದ್ದಾಗ ವರ್ಕ್‌ಫ್ಲೋವನ್ನು ಎಲ್ಲಿ ನಿಲ್ಲಿಸಬೇಕು?

ಪ್ರಶ್ನೆ (ಬಳ್ಳಾರಿಯ ಜೀನ್ಸ್ ವ್ಯಾಪಾರಿ): ನಮ್ಮ ಇನ್‌ಸ್ಟಾಗ್ರಾಂ ಖಾತೆಗೆ 14,000 ಫಾಲೋವರ್‌ಗಳಿದ್ದಾರೆ. ದಸರಾ ಮಾರಾಟಕ್ಕೆಂದು, ಕಾಮೆಂಟಿನಲ್ಲಿ "ರೇಟ್" ಎಂದು ಬರೆದವರಿಗೆ ದರಪಟ್ಟಿ ಕಳುಹಿಸುವ ವರ್ಕ್‌ಫ್ಲೋವನ್ನು n8n ಎಂಬ ಆಟೊಮೇಶನ್ ಸಾಧನದಲ್ಲಿ ಮಾಡಿಸಿದೆವು. ಬೇರೆಯವರ ಪೋಸ್ಟುಗಳಿಗೆ ತಾನಾಗಿಯೇ ಕಾಮೆಂಟ್ ಹಾಕುವ ಒಂದು ಆ್ಯಪನ್ನೂ ಜೋಡಿಸಿದೆವು. ಹನ್ನೆರಡನೆಯ ದಿನದಿಂದ ರೀಲ್‌ಗಳ ರೀಚ್ ಸುಮಾರು 9,000ದಿಂದ 1,100ಕ್ಕೆ ಇಳಿದಿದೆ. ಎಲ್ಲವನ್ನೂ ಒಮ್ಮೆಗೇ ಬಂದ್ ಮಾಡಿಬಿಡಲೇ?

ಗಂಗಾವತಿಯ ಸದಸ್ಯರು: ಮೊದಲು ಪಾಸ್‌ವರ್ಡ್ ಬದಲಿಸಿರಿ. ಹೊರಗಿನ ಆ್ಯಪ್‌ಗಳೆಲ್ಲ ತಾವಾಗಿಯೇ ಕಳಚಿಕೊಳ್ಳುತ್ತವೆ, ಅಲ್ಲಿಗೆ ಕೆಲಸ ಮುಗಿಯಿತು.

ಉತ್ತರ (ರಾಯಚೂರಿನಲ್ಲಿ ಅಂಗಡಿಗಳ ಖಾತೆ ನೋಡಿಕೊಳ್ಳುವವರು): ಪಾಸ್‌ವರ್ಡಿನಿಂದ ಲಾಗಿನ್ ಆಗುವ ಕಾಮೆಂಟ್ ಆ್ಯಪಿನ ಮಟ್ಟಿಗೆ ಗಂಗಾವತಿಯವರ ಮಾತು ಸರಿ, ಅದನ್ನು ಇಂದೇ ತೆಗೆಯಿರಿ. ಆದರೆ ಮೆಟಾದ ಅಧಿಕೃತ ದಾರಿಯಲ್ಲಿ ನಡೆಯುವ ವರ್ಕ್‌ಫ್ಲೋದ ಟೋಕನ್ ಕೂಡ ಪಾಸ್‌ವರ್ಡ್ ಬದಲಾದಾಗ ರದ್ದಾಗಬಹುದು. ಆಗ ಅದು 190ನೆಯ ಸಂಖ್ಯೆಯ ದೋಷ ತೋರಿಸುತ್ತ, ಮರುಪ್ರಯತ್ನದ ಆಯ್ಕೆ ಹಾಕಿದ್ದರೆ ಮತ್ತೆ ಮತ್ತೆ ಬಾಗಿಲು ಬಡಿಯುತ್ತದೆ. ಆದ್ದರಿಂದ ವರ್ಕ್‌ಫ್ಲೋವನ್ನು ಸರಿಯಾಗಿ ತಡೆದ ಮೇಲೆಯೇ ಪಾಸ್‌ವರ್ಡಿಗೆ ಕೈ ಹಾಕಿರಿ.

ಅದಕ್ಕೂ ಮೊದಲು ಒಂದು ಲೆಕ್ಕ ಬೇಕು. Insights ನಲ್ಲಿ ಬೀಳುವ ಮೊದಲಿನ ಒಂದು ರೀಲನ್ನೂ ಬಿದ್ದ ಮೇಲಿನ ಒಂದು ರೀಲನ್ನೂ ತೆರೆದು, ನೋಡಿದವರಲ್ಲಿ ಫಾಲೋವರ್‌ಗಳೆಷ್ಟು, ಹೊರಗಿನವರೆಷ್ಟು ಎಂದು ಬರೆಯಿರಿ. ಜೊತೆಗೆ Account Status ಪುಟದಲ್ಲಿ ಏನಿದೆ ಎಂಬುದನ್ನೂ ತಿಳಿಸಿರಿ.

ವ್ಯಾಪಾರಿ: ಮೊದಲು ಫಾಲೋವರ್‌ಗಳು 1,400, ಹೊರಗಿನವರು 7,600. ಈಗ 950 ಮತ್ತು 150. Account Status ನಲ್ಲಿ ನಮ್ಮದೊಂದು ಕಾಮೆಂಟನ್ನು ಸ್ಪ್ಯಾಮ್ ಎಂದು ತೆಗೆದಿರುವುದಾಗಿ ತೋರಿಸುತ್ತಿದೆ.

ಕೊಪ್ಪಳದ ಕಿನ್ನಾಳ ಗೊಂಬೆ ಮಾರುವವರು: ನನಗೂ ಹೀಗೆಯೇ ಆಗಿತ್ತು. ಇನ್ನೂರು ಜನರಿಗೆ ಒಂದೇ ಚಿತ್ರ ಕಳುಹಿಸಿದ ಮೇಲೆ ವಾಟ್ಸಾಪ್ ನಂಬರೇ ಬಂದ್ ಆಯಿತು. ಹೊಸ ಸಿಮ್ ತೆಗೆದುಕೊಂಡೆ.

ಉತ್ತರ: ಅದು ಬೇರೆಯ ರೋಗ, ಅಣ್ಣಾ, ನಿಮ್ಮದು ನಂಬರಿನ ನಿಷೇಧ, ಇವರ ಖಾತೆ ನಡೆಯುತ್ತಲೇ ಇದೆ. ಫಾಲೋವರ್‌ಗಳ ಸಂಖ್ಯೆ ಮೂರನೆಯ ಒಂದು ಭಾಗದಷ್ಟು ಮಾತ್ರ ಇಳಿದು, ಹೊರಗಿನವರ ಸಂಖ್ಯೆ ಹೆಚ್ಚುಕಡಿಮೆ ಬತ್ತಿಹೋಗಿರುವುದರಿಂದ, ಅಪರಿಚಿತರಿಗೆ ನಿಮ್ಮನ್ನು ಶಿಫಾರಸು ಮಾಡುವುದು ನಿಂತಿದೆ ಎಂದೇ ನಾನು ಓದುತ್ತೇನೆ. ಎರಡೂ ಒಂದೇ ಪ್ರಮಾಣದಲ್ಲಿ ಬಿದ್ದಿದ್ದರೆ ರೀಲಿನ ಮೇಲೆ ಅಥವಾ ಮಾರಾಟದ ಕಾಲದ ಮೇಲೆ ಸಂಶಯಪಡುತ್ತಿದ್ದೆ. ಒಂದೇ ವಾಕ್ಯವನ್ನು ಊರೆಲ್ಲ ಉದುರಿಸಿದ ಆ ಕಾಮೆಂಟ್ ಆ್ಯಪೇ ಮೊದಲ ಆರೋಪಿ.

ಈಗ ವರ್ಕ್‌ಫ್ಲೋಗೆ ಬರೋಣ. ಅದನ್ನು ಪೂರ್ತಿ ನಿಷ್ಕ್ರಿಯಗೊಳಿಸಿದರೆ ಮೆಟಾ ಕಳುಹಿಸುವ ಸೂಚನೆಗಳಿಗೆ ಉತ್ತರ ಸಿಗುವುದಿಲ್ಲ. ಮೆಟಾ ಅವನ್ನು 36 ಗಂಟೆಗಳವರೆಗೆ ಮತ್ತೆ ಮತ್ತೆ ಕಳುಹಿಸಿ ನೋಡಿ, ಆಮೇಲೆ ಕೈಬಿಡುತ್ತದೆ. ಆ ಗಿರಾಕಿಗಳ ವಿವರ ನಿಮಗೆ ಸಿಗದೇ ಹೋಗುತ್ತದೆ. ಆದ್ದರಿಂದ ಸ್ವೀಕರಿಸಿ ಶೀಟಿಗೆ ಬರೆಯುವ ಭಾಗ ನಡೆಯಲಿ; ಸಂದೇಶ ಕಳುಹಿಸುವ ನೋಡ್ ಒಂದನ್ನು ಮಾತ್ರ ನಿಷ್ಕ್ರಿಯಗೊಳಿಸಿರಿ. ನಿಷ್ಕ್ರಿಯ ನೋಡ್ ದತ್ತಾಂಶವನ್ನು ಹಾಗೆಯೇ ಮುಂದಕ್ಕೆ ದಾಟಿಸುತ್ತದೆ ಎಂಬುದು ನೆನಪಿರಲಿ: ಅದರ ಮುಂದೆ "ಕಳುಹಿಸಲಾಗಿದೆ" ಎಂದು ಗುರುತು ಹಾಕುವ ಹಂತವಿದ್ದರೆ, ಏನೂ ಹೋಗದಿದ್ದರೂ ಶೀಟ್ ಹೋಗಿದೆ ಎನ್ನುತ್ತದೆ. ಅದನ್ನೂ ನಿಲ್ಲಿಸಿರಿ.

ಹಲವರು ಮರೆಯುವ ಇನ್ನೊಂದು ಜಾಗ Wait ನೋಡ್. ಅಲ್ಲಿ ಕಾಯುತ್ತ ಕುಳಿತ, ವರ್ಕ್‌ಫ್ಲೋದ ಹಳೆಯ ಓಟಗಳು ತಮ್ಮ ಸಮಯ ಬಂದಾಗ ತಾವೇ ಎದ್ದು ಸಂದೇಶ ಕಳುಹಿಸಬಲ್ಲವು. Executions ಪಟ್ಟಿಯಲ್ಲಿ Waiting ಎಂದಿರುವ ಪ್ರತಿಯೊಂದನ್ನೂ ಕೈಯಾರೆ ನಿಲ್ಲಿಸಿರಿ.

ವ್ಯಾಪಾರಿ: Waiting ನಲ್ಲಿ 63 ಇದ್ದವು, ನಿಲ್ಲಿಸಿದೆ. ಶೀಟಿನಲ್ಲಿ ಬಾಕಿ 410 ಸಾಲುಗಳಿವೆ. ಮತ್ತೆ ಶುರುಮಾಡಿದಾಗ ಅವಕ್ಕೆಲ್ಲ ದರಪಟ್ಟಿ ಹೋಗಬೇಕಲ್ಲವೇ?

ಉತ್ತರ: ಖಂಡಿತ ಬೇಡ. ಕಾಮೆಂಟಿಗೆ ಖಾಸಗಿ ಉತ್ತರ ಕಳುಹಿಸಲು ಏಳು ದಿನಗಳ ಅವಕಾಶವಷ್ಟೇ ಇರುತ್ತದೆ, ಅದೂ ಕಾಮೆಂಟಿಗೆ ಒಂದೇ ಸಂದೇಶ. ಅದಕ್ಕಿಂತ ಹಳೆಯ ಸಾಲುಗಳನ್ನು ಮೊದಲೇ "ಅವಧಿ ಮುಗಿದಿದೆ" ಎಂದು ಗುರುತಿಸಿ ಹೊರಗಿಡಿ. ಇಲ್ಲವಾದರೆ ಶುರುಮಾಡಿದ ಗಳಿಗೆಯಲ್ಲೇ ನೂರಾರು ವಿಫಲ ಪ್ರಯತ್ನಗಳು ಒಟ್ಟಿಗೆ ನುಗ್ಗುತ್ತವೆ. ಉಳಿದವರಲ್ಲಿ ನಿಜವಾದ ಸಗಟು ಗಿರಾಕಿಗಳಿಗೆ ನೀವೇ ಟೈಪ್ ಮಾಡಿ ಉತ್ತರಿಸಿರಿ.

ವ್ಯಾಪಾರಿ (19 ದಿನಗಳ ನಂತರ): ಮೊನ್ನೆಯ ರೀಲನ್ನು ಹೊರಗಿನವರು 2,300 ಜನ ನೋಡಿದ್ದಾರೆ. ಈಗ ನೋಡ್ ಹಚ್ಚಲೇ?

ಉತ್ತರ: ಒಂದು ರೀಲಿನಿಂದ ತೀರ್ಮಾನಿಸಲಾರೆ. ಇನ್ನೂ ಮೂರು ರೀಲುಗಳು ಅದೇ ಮಟ್ಟದಲ್ಲಿ ನಿಲ್ಲುತ್ತವೆಯೇ ನೋಡಿ, ಬಳಿಕ ಹೊಸ ಕಾಮೆಂಟುಗಳಿಗೆ ಮಾತ್ರ ತೆರೆಯಿರಿ. ಹಳೆಯ 7,600ಕ್ಕೆ ಮರಳದಿದ್ದರೆ ಅದು ಆ್ಯಪಿನ ಪೆಟ್ಟೋ, ದಸರಾ ಮುಗಿದದ್ದೋ, ನನಗೂ ಬೇರ್ಪಡಿಸಿ ಹೇಳಲು ಬರುವುದಿಲ್ಲ.

ಗಂಗಾವತಿಯ ಸದಸ್ಯರು: ಹಾಗಾದರೆ ಪಾಸ್‌ವರ್ಡ್ ಬದಲಿಸಿದಿರೋ ಇಲ್ಲವೋ?

ವ್ಯಾಪಾರಿ: ನೋಡ್ ನಿಲ್ಲಿಸಿದ ಮೇಲೆ ಬದಲಿಸಿದೆ. ಟೋಕನ್ ಹೊಸದಾಗಿ ಪಡೆಯಬೇಕಾಯಿತು.