ಸಹಾಯ ಬೇಕು: ತಡವಾದ ಉತ್ತರವನ್ನು ಹೇಗೆ ಬರೆಯುವುದು?

ಬದಿಯಡ್ಕದಲ್ಲಿರುವ ನನ್ನ ಅಮ್ಮನಿಗೆ ಶಾಲೆಯ ದಿನಗಳ ಗೆಳತಿಯೊಬ್ಬರು ಕಳೆದ ತಿಂಗಳು ವಾಟ್ಸಾಪ್‌ನಲ್ಲಿ ‘ನಮಸ್ಕಾರ, ಹೇಗಿದ್ದೀಯಾ?’ ಎಂದು ಬರೆದಿದ್ದರು. ಅಮ್ಮ ಇನ್ನೂ ಉತ್ತರಿಸಿಲ್ಲ. ಈಗ ಬರೆದಿಟ್ಟಿರುವ ಉತ್ತರದಲ್ಲಿ ಅಡಿಕೆ ಕೊಯ್ಲು, ಮೊಣಕಾಲು ನೋವು, ಮೊಮ್ಮಗನ ಜ್ವರ ಎಲ್ಲವೂ ಇವೆ. ಅದನ್ನು ಓದಿದವರು ಮೊದಲು ಸಮಾಧಾನ ಹೇಳಬೇಕಾಗುತ್ತದೆ. ‘ಪರವಾಗಿಲ್ಲ, ಆರೋಗ್ಯ ನೋಡಿಕೋ’ ಎಂದರೆ ಮಾತು ಅಲ್ಲಿಗೇ ನಿಲ್ಲುತ್ತದೆ ಎಂಬುದು ನನ್ನ ಭಯ.

ನಾನು ಹೀಗೆ ಬರೆದುಕೊಟ್ಟೆ: ‘ಉತ್ತರಿಸಲು ತುಂಬ ತಡವಾಯಿತು, ಬೇಸರಿಸಬೇಡ. ನಿನ್ನ ಸಂದೇಶ ನೋಡಿ ಖುಷಿಯಾಯಿತು. ನಾನು ಚೆನ್ನಾಗಿದ್ದೇನೆ. ನಿನ್ನ ಚಿತ್ರದಲ್ಲಿ ಕಾಣುವ ಮಲ್ಲಿಗೆ ಚಪ್ಪರ ನಿಮ್ಮ ಮನೆಯದೇ?’

ಕೊನೆಯ ಪ್ರಶ್ನೆಯನ್ನು ಬೇಕೆಂದೇ ಚಿಕ್ಕದಾಗಿ ಇಟ್ಟಿದ್ದೇನೆ. ‘ಇಷ್ಟು ವರ್ಷ ಏನೆಲ್ಲ ಮಾಡಿದೆ?’ ಎಂದು ಕೇಳಿದರೆ ಪುಟಗಟ್ಟಲೆ ಬರೆಯಬೇಕು, ಆಗ ಅವರೂ ನಾಳೆಗೆ ಮುಂದೂಡಬಹುದು. ಇದಕ್ಕಾದರೆ ‘ಹೌದು’ ಎಂದರೂ ಸಾಕು, ಮನಸ್ಸಿದ್ದರೆ ಗಿಡದ ಕಥೆಯನ್ನೇ ಹೇಳಬಹುದು.

ಆದರೆ ಕಾರಣವನ್ನೇ ಹೇಳದಿದ್ದರೆ ಉದಾಸೀನ ಮಾಡಿದಂತೆ ಕಾಣುತ್ತದೆ ಎಂದು ಅಮ್ಮನಿಗೆ ಅಳುಕು. ಅವರ ಮಾತನ್ನು ತಳ್ಳಿಹಾಕಲು ನನಗೂ ಮನಸ್ಸಿಲ್ಲ. ‘ತೋಟದ ಕೆಲಸದ ನಡುವೆ ಉಳಿದುಹೋಯಿತು’ ಎಂಬಷ್ಟನ್ನು ಸೇರಿಸಿದರೆ ಸಾಕೇ, ಅಥವಾ ಅದೂ ಬೇಡವೇ?

ಇನ್ನೊಂದು ವಿಷಯ. ಆ ಕಡೆಯಿಂದ ಕೆಲವು ದಿನ ಉತ್ತರ ಬಾರದಿದ್ದರೆ ಮತ್ತೆ ಕ್ಷಮೆ ಕೇಳುವುದಕ್ಕಿಂತ ನಮ್ಮ ಅಂಗಳದ ಹೂವಿನ ಫೋಟೋ ಒಂದನ್ನು ಕಳುಹಿಸುವುದು ಒಳ್ಳೆಯದೆಂದು ನನಗನಿಸುತ್ತದೆ. ಅಮ್ಮನ ವಯಸ್ಸಿನವರು ಇಲ್ಲಿದ್ದರೆ, ನಿಮ್ಮ ಗೆಳತಿ ಹೀಗೆ ಬರೆದರೆ ನಿಮಗೆ ಹೇಗನಿಸುತ್ತದೆ ಎಂದು ದಯವಿಟ್ಟು ತಿಳಿಸಿ. ನಾಳೆ ಸಂಜೆ ಕಳುಹಿಸಬೇಕೆಂದಿದ್ದೇವೆ.