ಸಂಚಕಾರ ಕೊಟ್ಟೀನಿ, ಪ್ಲಾಟು ನಂದಾತೇನು?

ಕೇಳಿದವರು (ಹುಬ್ಬಳ್ಳಿ): ವಕೀಲ ಸಾಹೇಬ್ರ, ನವನಗರದ ಕಡೆ 24 ಲಕ್ಷಕ್ಕ ಪ್ಲಾಟು ಮಾತಾಡಿ 5 ಲಕ್ಷ ಸಂಚಕಾರ ಕೊಟ್ಟೀನಿ. 2025ರ ಜನವರಿ 10ಕ್ಕ ಬಾಂಡ್ ಮ್ಯಾಲೆ ಕರಾರು ಪತ್ರ ಆತು, ನೋಟರಿನೂ ಆಗೇತಿ. ಜುಲೈ 10ರೊಳಗ ಖರೀದಿ ಅಂತ ಐತಿ. ಈಗ ಮಾಲಕ ರೇಟ್ ಏರೇತಿ ಅಂತ ಬ್ಯಾರೆಯವ್ರಿಗೆ ತೋರಸಾಕತ್ತಾನ. ಪ್ಲಾಟು ನಂದಲ್ಲೇನು? ಎರಡೆರಡು ಕಾಗದ ಯಾಕ ಬೇಕು?

ವಕೀಲರು (ಧಾರವಾಡ): ಇನ್ನೂ ನಿಮ್ದಲ್ರಿ. ಕರಾರು ಮಾಲಕನ್ನ ಮಾತಿಗೆ ಕಟ್ಟತೈತಿ, ಪ್ಲಾಟಿನ ಹಕ್ಕು ದಾಟಸಂಗಿಲ್ಲ. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 54ನೇ ಕಲಮಿನಾಗ ಇದು ಬಿಡಿಸಿ ಐತಿ. ಹಕ್ಕು ದಾಟೋದು ಖರೀದಿ ಪತ್ರ ನೋಂದಣಿ ಆದಾಗ.

ನಡುವ ಬ್ಯಾಂಕ್ ಸಾಲ ಆಗಬೇಕು, ಉತಾರ, ಆಸ್ತಿ ಮ್ಯಾಲೆ ಆದ ನೋಂದಣಿಗಳನ್ನ ತೋರಸೋ ಇ.ಸಿ. ನೋಡಬೇಕು, ಮಾಲಕನ ಅಕ್ಕತಂಗೇರ ಸಹಿ ಬೇಕಾಗಬಹುದು. ಅಲ್ಲೀತನಕ ಯಾರೂ ಮಾತು ತಿರುಗಸಬಾರದಂತ ಕರಾರು. ತಿರುಗಸಿದ್ರ, ಖರೀದಿ ಪತ್ರ ಮಾಡಿಕೊಡಸ್ರಿ ಅಂತ ಕೋರ್ಟಿಗೆ ಹೋಗಬಹುದು. ನಿಮ್ಮದರಾಗ ತಾರೀಖು ಐತಿ, ಅದಕ್ಕ ದಾವೆಗೆ ಅಲ್ಲಿಂದ ಮೂರು ವರ್ಷ, ಅಂದ್ರ 2028ರ ಜುಲೈ 10ರತನಕ. ಆದ್ರ ಸುಮ್ನ ಕುಂತವ್ರನ್ನ ಕೋರ್ಟ್ ಮೆಚ್ಚಂಗಿಲ್ಲ.

ಇನ್ನೊಬ್ಬರು (ಹಾವೇರಿ): ನೋಟರಿ ಆದ್ರ ರಜಿಸ್ಟರ್ ಆದಂಗ ಬಿಡ್ರಿ. ಒಂದು ವಟಮುಖತ್ಯಾರ ಪತ್ರ ಬರಸ್ಕೊಂಡು ತಾಬಾ ತಗೊಂಡ್ರ ಮುಗೀತು.

ವಕೀಲರು: ತಾಬಾದ್ದು ಅರ್ಧ ಖರೆ. ಕರಾರಿನ ಮ್ಯಾಲೆ ತಾಬಾ ತಗೊಂಡವ್ರಿಗೆ ರಕ್ಷಣೆ ಐತಿ, ಆದ್ರ 2001ರ ತಿದ್ದುಪಡಿ ಆದಮ್ಯಾಲೆ ಕರಾರು ನೋಂದಣಿ ಆಗಿರಲೇಬೇಕು. ಮುಖತ್ಯಾರದ ಹಾದಿ 2011ರ ಸೂರಜ್ ಲ್ಯಾಂಪ್ ತೀರ್ಪಿನಾಗ ಸುಪ್ರೀಂ ಕೋರ್ಟ್ ಮುಚ್ಚೇತಿ. ಕರಾರು, ಮುಖತ್ಯಾರ, ಮೃತ್ಯುಪತ್ರ ಮೂರೂ ಕೂಡಿಸಿದ್ರೂ ಮಾಲಕತ್ವ ಬರಂಗಿಲ್ಲ.

ಮತ್ತೊಬ್ಬರು (ಗದಗ): ಅಪ್ಪಾರ ಖರೀದಿ ಪತ್ರ ನೋಂದಣಿ ಆಗಿ ಆರು ತಿಂಗಳಾತ್ರಿ, ಉತಾರದಾಗ ಹಳೇ ಹೆಸರ ಐತಿ. ಹಂಗಾರ ಅವ್ರೂ ಮಾಲಕರಲ್ಲೇನು?

ವಕೀಲರು: ನಿಮ್ದು ಬ್ಯಾರೆ ವಿಷಯ. ನೋಂದಣಿ ಆಗೇತಿ, ಅವ್ರ ಮಾಲಕರು. ಉತಾರ ತೆರಿಗೆ, ಕಂದಾಯದ ದಾಖಲೆ. ಹೆಸರು ಬದಲಿಗೆ ಬೆನ್ನ ಹತ್ರಿ.

ಕೇಳಿದವರು: ನಾಳೆ ಅವ ಮೂರನೇಯವ್ರಿಗೆ ಮಾರಿಬಿಟ್ರ?

ವಕೀಲರು: ಇಕ್ಕಟ್ಟು ಇರೋದ ಅಲ್ಲೆ. ಅವ್ರು ನಿಮ್ಮ ಕರಾರು ಗೊತ್ತಿಲ್ಲದ, ಪ್ರಾಮಾಣಿಕವಾಗಿ ಹಣ ಕೊಟ್ಟು ಕೊಂಡ್ರ ಪ್ಲಾಟು ಅವ್ರಿಗೆ ಉಳೀತೈತಿ. ನೀವು ಸಂಚಕಾರ, ನಷ್ಟಭರ್ತಿಗೆ ಬಡಿದಾಡಬೇಕು. ನೋಂದಣಿ ಮಾಡಿಸಿದ್ರ ಕರಾರು ಇ.ಸಿ.ಯಾಗ ಕಾಣತಿತ್ತು, ಗೊತ್ತಿರಲಿಲ್ಲ ಅನ್ನಾಕ ಬರತಿರಲಿಲ್ಲ. ನೋಟರಿ ಮಾಡಿಸಿದ್ದು ಇ.ಸಿ.ಗೆ ಹತ್ತಂಗಿಲ್ಲ. ಅದಕ್ಕ ಮಾಲಕಗ ಈಗ ನೋಟಿಸ್ ಕಳಸ್ರಿ, ಕೊಳ್ಳಾಕ ಬಂದವ್ರು ಯಾರಂತ ತಿಳಿದ್ರ ಅವ್ರಿಗೂ ಒಂದು ಪ್ರತಿ.

ಒಂದು ಹೇಳ್ರಿ, ಉಳಿದ 19 ಲಕ್ಷ ಜುಲೈ 10ಕ್ಕ ತಯಾರಿತ್ತೇನು? ಖರೀದಿಗೆ ನೀವು ಸಿದ್ಧ ಇದ್ರೇನು ಅನ್ನೋದನ್ನ ಕೋರ್ಟ್ ಕೇಳೇ ಕೇಳತೈತಿ.

ಕೇಳಿದವರು: ಸಾಲ ಮಂಜೂರಾಗಿದ್ದು ಆಗಸ್ಟಿನಾಗ್ರಿ. ಆದ್ರ ಉತಾರ ಅವ ಕೊಟ್ಟಿದ್ದ ಜುಲೈ ಕಡೀಕ.

ವಕೀಲರು: ಅವ ಉತಾರ ಯಾವತ್ತು ಕೊಟ್ಟ ಅನ್ನೋದಕ್ಕ ವಾಟ್ಸಾಪ್ ಮೆಸೇಜ್ ಇದ್ರ ಅಳಿಸಬ್ಯಾಡ್ರಿ. ಅದು, ಮಂಜೂರಿ ಪತ್ರ, ಕರಾರಿನ ಅಸಲು ಪ್ರತಿ ತಗೊಂಡ ಬರ್ರಿ. ತಡ ಯಾರದು ಅಂತ ಕಾಗದ ನೋಡದ ಹೇಳಾಕ ಬರಂಗಿಲ್ಲ.