ರಾತ್ರಿ ಹತ್ತರ ಮೇಲೆ ಬರುವ ಬಾಸ್ ಹೊಗಳಿಕೆ: ಇದು ಮನಸ್ಸಾ, ದರ್ಪಾನಾ?

ಹೊಸಬಳು
ಕೆಲಸಕ್ಕೆ ಸೇರಿ ಎಂಟು ತಿಂಗಳಾಯಿತು. ಟೀಮ್ ಲೀಡ್ ಮೊದಲೆಲ್ಲ ನನ್ನ ರಿಪೋರ್ಟ್ ಚೆನ್ನಾಗಿದೆ ಅನ್ನುತ್ತಿದ್ದರು. ಈಗ ಎರಡು ತಿಂಗಳಿಂದ ರಾತ್ರಿ ಹತ್ತರ ಮೇಲೆ ಮೆಸೇಜ್ ಬರುತ್ತದೆ. "ಇವತ್ತು ನಿನ್ನ ನಗು ಚೆನ್ನಾಗಿತ್ತು", "ನೀನಿಲ್ಲದ ದಿನ ಆಫೀಸು ಬೋರು" ಅಂತ. ಕೆಟ್ಟ ಮಾತು ಒಂದೂ ಇಲ್ಲ, ಮುಟ್ಟಿಲ್ಲ. ಅವರಿಗೆ ನಿಜವಾಗಿ ನನ್ನ ಮೇಲೆ ಮನಸ್ಸಾಗಿದೆಯಾ, ಅಥವಾ ಬಾಸ್ ಅನ್ನೋ ಧೈರ್ಯದಲ್ಲಿ ಹೀಗೆ ಆಡುತ್ತಿದ್ದಾರಾ? ಮುಂದಿನ ತಿಂಗಳು ಅಪ್ರೈಸಲ್ ಇದೆ. ಇಲ್ಲಿತನಕ ಒಂದು ಸ್ಮೈಲಿ ಹಾಕಿ ಸುಮ್ಮನಾಗಿದ್ದೇನೆ. ಏನು ಮಾಡಲಿ?

ನೇರಮಾತು
ಇದರಲ್ಲಿ ಯೋಚನೆ ಮಾಡೋಕೆ ಏನಿದೆ? ನಂಬರ್ ಬ್ಲಾಕ್ ಮಾಡಿ, ಚಾಟ್ ಪೂರ್ತಿ ಡಿಲೀಟ್ ಮಾಡಿ, ನೆಮ್ಮದಿಯಾಗಿ ನಿದ್ದೆ ಮಾಡಿ. ನಗು ಚೆನ್ನಾಗಿತ್ತು ಅಂತ ಹೇಳೋದು ಯಾವ ಲೀಡ್‌ನ ಕೆಲಸದಲ್ಲೂ ಬರುವುದಿಲ್ಲ. ತಪ್ಪು ನಿಮ್ಮದಲ್ಲ, ಅಷ್ಟು ಗೊತ್ತಿದ್ದರೆ ಸಾಕು.

ಹಳೆಯ ಕಡತ
ಕೊನೆಯ ಎರಡು ಮಾತು ಸರಿ. ಆದರೆ ದಯವಿಟ್ಟು ಡಿಲೀಟ್ ಮಾತ್ರ ಮಾಡಬೇಡಿ. ಮುಂದೆ ಮಾತು ಬೆಳೆದರೆ ನಿಮ್ಮ ಕೈಯಲ್ಲಿ ಇರುವುದು ಆ ಚಾಟ್ ಒಂದೇ.

ನಾನು ಒಂದು ಕಚೇರಿಯ ದೂರು ಸಮಿತಿಯಲ್ಲಿ ಆರು ವರ್ಷ ಕೂತಿದ್ದೆ. ಆತನ ಮನಸ್ಸಿನಲ್ಲಿ ಏನಿತ್ತು ಅಂತ ಅಷ್ಟೂ ವರ್ಷದಲ್ಲಿ ಒಂದು ಸಲವೂ ನಮಗೆ ಖಚಿತವಾಗಿ ಗೊತ್ತಾಗಲಿಲ್ಲ. ನಿಜವಾಗಿ ಪ್ರೀತಿ ಇದ್ದವರೇ ಕುರ್ಚಿಯ ಬಲ ಬಳಸಿದ್ದನ್ನೂ ನೋಡಿದ್ದೇನೆ. ಎರಡೂ ಒಬ್ಬನೇ ಮನುಷ್ಯನಲ್ಲಿ ಇರಬಹುದು. ಅದಕ್ಕೇ ನಾವು ಬೇರೆ ಪ್ರಶ್ನೆ ಕೇಳುತ್ತಿದ್ದೆವು. ಈಕೆ ಬೇಡ ಅಂದಾಗ ಈಕೆಯ ಕೆಲಸಕ್ಕೆ ಏನಾಯಿತು?

ನೀವೂ ಆ ಪ್ರಶ್ನೆಯಿಂದಲೇ ಶುರು ಮಾಡಿ. ಒಂದು ಸಣ್ಣ ಬೇಡ ಹೇಳಿ ನೋಡಿ. ಹೊಗಳಿಕೆಯ ಮಾತೇ ಎತ್ತಬೇಡಿ, ಹೊತ್ತಿನ ಬಗ್ಗೆ ಮಾತ್ರ ಬರೆಯಿರಿ: "ಸರ್, ರಾತ್ರಿ ಎಂಟರ ಮೇಲೆ ನಾನು ಮೆಸೇಜ್ ನೋಡುವುದಿಲ್ಲ. ಕೆಲಸದ ವಿಷಯ ಇದ್ದರೆ ಮೇಲ್ ಮಾಡಿ, ಬೆಳಿಗ್ಗೆ ಬಂದ ಕೂಡಲೇ ನೋಡುತ್ತೇನೆ." ಇಷ್ಟೇ. "ಮನೆಯಲ್ಲಿ ಬೈತಾರೆ", "ಚಾರ್ಜ್ ಇರಲ್ಲ" ಅಂತ ನೆಪ ಹೇಳಬೇಡಿ. ನೆಪ ಹೇಳಿದರೆ ಅವರು ಆ ನೆಪಕ್ಕೇ ದಾರಿ ಹುಡುಕುತ್ತಾರೆ. "ಹಾಗಾದರೆ ಸಂಜೆ ಕಾಫಿಗೆ ಹೋಗಿ ಮಾತಾಡೋಣ" ಅಂದರೆ ಆಗ ಏನು ಹೇಳುತ್ತೀರಿ?

ಕಳಿಸಿದ ಮೇಲೆ ಎರಡು ಮೂರು ವಾರ ಗಮನಿಸಿ. ಮೆಸೇಜ್ ನಿಂತು ಕೆಲಸ ಮೊದಲಿನ ಹಾಗೇ ನಡೆದರೆ ಅದು ಒಳ್ಳೆಯ ಲಕ್ಷಣ. ಒಂದೆರಡು ದಿನ ಮುಖ ಊದಿಸಿಕೊಂಡು ಆಮೇಲೆ ಸರಿಹೋದರೂ ಪರವಾಗಿಲ್ಲ, ಮನುಷ್ಯರಲ್ವಾ. ಆದರೆ ಮೀಟಿಂಗ್‌ಗೆ ಕರೆಯೋದು ನಿಂತರೆ, ಹೋದ ತಿಂಗಳು ಮೆಚ್ಚಿದ ಕೆಲಸದಲ್ಲೇ ಈಗ ತಪ್ಪು ಕಾಣತೊಡಗಿದರೆ, "ಅವಳ ಆಟಿಟ್ಯೂಡ್ ಸರಿಯಿಲ್ಲ" ಅನ್ನುವ ಮಾತು ಬಂದರೆ, ಅಲ್ಲಿಗೆ ನಿಮ್ಮ ಪ್ರಶ್ನೆಗೆ ಉತ್ತರ ಸಿಕ್ಕಿತು. ಮನಸ್ಸಿನಲ್ಲಿ ಪ್ರೀತಿಯೇ ಇದ್ದರೂ ಉತ್ತರ ಬದಲಾಗುವುದಿಲ್ಲ.

ಮೆಸೇಜ್ ನಿಲ್ಲದಿದ್ದರೆ ಎರಡನೆಯದು ಬಿಚ್ಚಿ ಹೇಳುವಂತಿರಲಿ: "ಸರ್, ನನ್ನ ನಗು, ಬಟ್ಟೆ ಇವುಗಳ ಬಗ್ಗೆ ಬರೆಯುವುದು ನನಗೆ ಇಷ್ಟವಿಲ್ಲ. ಕೆಲಸದ ಬಗ್ಗೆ ಮಾತ್ರ ಹೇಳಿ." ಬಾಯಲ್ಲಿ ಹೇಳಿದರೆ ಸಾಲದು, ಬರಹದಲ್ಲಿ ಇರಬೇಕು. ಹಾಗೇ ಇವತ್ತಿನಿಂದ ಸ್ಮೈಲಿ ಬೇಡ. ಸ್ಮೈಲಿ ಹಾಕಿದ್ದು ಒಪ್ಪಿಗೆ ಅಲ್ಲ, ಭಯದಲ್ಲಿ ಎಲ್ಲರೂ ಹಾಕುತ್ತಾರೆ. ಆದರೆ ವಿಚಾರಣೆ ನಡೆದರೆ ಆ ಕಡೆಯವರು ಮೊದಲು ತೋರಿಸೋದು ಅದನ್ನೇ.

ಅರ್ಧ ಥೀಸಿಸ್
ನನ್ನದು ಆಫೀಸಲ್ಲ, ಲ್ಯಾಬ್. "ನಿನ್ನಂಥ ವಿದ್ಯಾರ್ಥಿ ನನಗೆ ಇಷ್ಟು ವರ್ಷದಲ್ಲಿ ಸಿಕ್ಕಿರಲಿಲ್ಲ" ಅಂತ ಗೈಡ್ ಹೇಳಿದಾಗ ನಾನು ಒಂದು ವಾರ ಗಾಳಿಯಲ್ಲಿ ತೇಲಾಡಿದ್ದೆ, ಸುಳ್ಳು ಯಾಕೆ ಹೇಳಲಿ. ಆಮೇಲೆ ಹೊಗಳಿಕೆಗೆ ಬಾಲ ಹುಟ್ಟಿತು. "ಉಳಿದವರು ದಡ್ಡರು, ಅವರ ಜೊತೆ ಜಾಸ್ತಿ ಸೇರಬೇಡ." ನಾನೂ ಸೇರುವುದನ್ನು ಬಿಟ್ಟೆ. ಆರು ತಿಂಗಳಲ್ಲಿ ಲ್ಯಾಬಿನಲ್ಲಿ ನನಗೆ ಮಾತಾಡೋಕೆ ಅಂತ ಅವರೊಬ್ಬರೇ ಉಳಿದರು. ಈಗ ಹಿಂದೆ ತಿರುಗಿ ನೋಡಿದರೆ ಎಚ್ಚರದ ಗಂಟೆ ಅದೇ ಆಗಿತ್ತು ಅನ್ನಿಸುತ್ತದೆ. ಮುಂದೆ ಬಂದ ಮಾತುಗಳಿಗಿಂತ ಅದು ಮೊದಲು ಬಾರಿಸಿತ್ತು.

ಒಂದು ಸಮ್ಮೇಳನಕ್ಕೆ ಹೋದಾಗ ರಾತ್ರಿ ಊಟಕ್ಕೆ ಇಬ್ಬರೇ ಹೋಗೋಣ ಅಂದರು. ಬೇಡ ಸರ್ ಅಂದೆ. ಜಗಳ ಇಲ್ಲ, ಏನೂ ಇಲ್ಲ. ಅಲ್ಲಿಯವರೆಗೆ ಹತ್ತು ದಿನದಲ್ಲಿ ತಿದ್ದಿ ಬರುತ್ತಿದ್ದ ಅಧ್ಯಾಯ ಆಮೇಲೆ ಏಳು ವಾರ ಬರಲಿಲ್ಲ. ಕೇಳಿದರೆ "ಬಿಝಿ ಇದ್ದೇನೆ". ಪೇಪರ್‌ನಲ್ಲಿ ಮೊದಲಿದ್ದ ನನ್ನ ಹೆಸರು ಎರಡನೆಯದಾಯಿತು.

ನಾನು ದೂರು ಕೊಡಲಿಲ್ಲ. ವಿಭಾಗದ ಇನ್ನೊಬ್ಬ ಮೇಡಂ ಹತ್ತಿರ ಹೋಗಿ, ಲೆಕ್ಕದ ಭಾಗಕ್ಕೆ ಸಹಾಯ ಬೇಕು ಅಂತ ಹೇಳಿ ಅವರನ್ನು ಸಹ ಗೈಡ್ ಮಾಡಿಸಿಕೊಂಡೆ. ಆಮೇಲಿನ ಪ್ರತಿಯೊಂದು ಕರಡನ್ನೂ ಇಬ್ಬರಿಗೂ ಒಂದೇ ಮೇಲ್‌ನಲ್ಲಿ ಕಳಿಸಿದೆ. ಒಬ್ಬರು ನೋಡುತ್ತಿದ್ದಾರೆ ಅಂತ ಗೊತ್ತಾದ ಮೇಲೆ ಇನ್ನೊಬ್ಬರ ಕೈ ತಾನಾಗಿ ಬೇಗ ಓಡಿತು. ಪದವಿ ಒಂದು ವರ್ಷ ತಡವಾಯಿತು, ಆದರೂ ಬಂತು. ದೂರು ಕೊಡಬೇಕಿತ್ತಾ? ನನ್ನ ನಂತರ ಅಲ್ಲಿ ಸೇರಿದ ಹುಡುಗಿಯನ್ನು ನೋಡಿದಾಗ ಕೊಡಬೇಕಿತ್ತು ಅನ್ನಿಸುತ್ತದೆ. ಶಿಫಾರಸು ಪತ್ರ ಬೇಕಾದಾಗ ಕೊಡದೇ ಇದ್ದದ್ದೇ ಸರಿ ಅನ್ನಿಸುತ್ತದೆ.

ಸೀನಿಯರ್ ಸಿಂಹ
ಹಾಗಾದರೆ ಇನ್ನು ಹೊಗಳೋದೇ ತಪ್ಪಾ? ನಾನು ಹದಿನೈದು ಜನರ ಟೀಮ್ ನೋಡಿಕೊಳ್ಳುತ್ತೇನೆ. ಹೇರ್‌ಕಟ್ ಚೆನ್ನಾಗಿದೆ ಅಂದರೂ ಕೇಸ್ ಹಾಕುತ್ತಾರೆ ಅಂದರೆ ಬಾಯಿಗೆ ಬೀಗ ಹಾಕಿಕೊಂಡು ಓಡಾಡಬೇಕಾಗುತ್ತದೆ.

ಅರ್ಧ ಥೀಸಿಸ್
ಕೇಸ್ ಮಾತು ಇಲ್ಲಿ ಯಾರೂ ಎತ್ತಿಲ್ಲ ಸರ್. ಒಂದು ಕೇಳಲಾ? ಅದೇ ಹೇರ್‌ಕಟ್ ಮಾತನ್ನು ನಿಮ್ಮ ಬಾಸ್‌ಗೆ ರಾತ್ರಿ ಹತ್ತೂವರೆಗೆ ಮೆಸೇಜ್ ಮಾಡುತ್ತೀರಾ?

ಸೀನಿಯರ್ ಸಿಂಹ
ಇಲ್ಲ. ಸರಿ, ಅರ್ಥವಾಯಿತು. ಆದರೂ ಬೆಳಗಿನ ಹೊತ್ತು ಎಲ್ಲರ ಎದುರು ಹೇಳೋದು ಬೇರೆ ಅಂತಲೇ ನನ್ನ ಅಭಿಪ್ರಾಯ.

ಮೂಲೆ ಮೇಜು
ನಾನು ಗಂಡಸು, ನನ್ನ ಬಾಸ್ ಹೆಂಗಸು. ಇದೇ ಥರದ ಮೆಸೇಜ್‌ಗಳು. ಪಕ್ಕದವನಿಗೆ ಹೇಳಿದರೆ "ಅದೃಷ್ಟವಂತ ಕಣಯ್ಯ" ಅಂತ ನಕ್ಕ. ಆಮೇಲೆ ಯಾರಿಗೂ ಹೇಳಲಿಲ್ಲ, ಕೆಲಸ ಬಿಟ್ಟೆ. ನಿಮಗೆ ಉಪಯೋಗ ಆಗುತ್ತೋ ಇಲ್ಲವೋ, ಹೇಳಬೇಕು ಅನ್ನಿಸಿತು.

ಎರಡು ಲೋಟ
ಎಲ್ಲರೂ ಕೆಟ್ಟದ್ದನ್ನೇ ಹೇಳುತ್ತಿದ್ದೀರಿ, ಅದಕ್ಕೆ ಬರೆಯುತ್ತಿದ್ದೇನೆ. ನನ್ನ ಯಜಮಾನರು ಮೊದಲು ನನ್ನ ಮ್ಯಾನೇಜರ್ ಆಗಿದ್ದವರು. ಒಂದು ವರ್ಷ ಒಂದು ಮಾತೂ ಆಡಲಿಲ್ಲ. ತಾವೇ ಕೇಳಿಕೊಂಡು ಬೇರೆ ವಿಭಾಗಕ್ಕೆ ಹೋದರು. ನನ್ನ ರಜೆ, ಸಂಬಳ, ಅಪ್ರೈಸಲ್ ಯಾವುದೂ ಅವರ ಕೈಯಲ್ಲಿ ಇಲ್ಲದಂತಾದ ಮೇಲೆ ಒಂದು ಮಧ್ಯಾಹ್ನ ಕೇಳಿದರು. "ಬೇಡ ಅಂದರೆ ಮತ್ತೆ ಈ ಮಾತು ಎತ್ತುವುದಿಲ್ಲ" ಅಂದರು. ಮನಸ್ಸಿದ್ದವರು ಹೀಗೂ ಮಾಡಬಹುದು. ಹೊಸಬಳು, ನಿಮಗೂ ಅವರು ಇಷ್ಟ ಅಂತಾದರೆ ಮೊದಲು ಇದನ್ನೇ ಕೇಳಿ: ನನ್ನ ಅಪ್ರೈಸಲ್‌ಗೆ ಬೇರೆ ಯಾರಾದರೂ ಸಹಿ ಹಾಕುವ ಹಾಗೆ ಮಾಡುತ್ತೀರಾ ಅಂತ.

ಹಳೆಯ ಕಡತ
ಇದು ಒಳ್ಳೆಯ ಮಾತು. ಎಷ್ಟೋ ಸಂಸ್ಥೆಗಳ ನಿಯಮವೂ ಇದನ್ನೇ ಹೇಳುತ್ತದೆ. ಸಂಬಂಧ ಇದ್ದರೆ ಮೇಲಿನವರಿಗೆ ತಿಳಿಸಬೇಕು, ಮೌಲ್ಯಮಾಪನ ಬೇರೆಯವರು ಮಾಡಬೇಕು. ಆದರೆ ಒಂದು ಕುತೂಹಲ. ಅವತ್ತು ನೀವು ಬೇಡ ಅನ್ನಬಹುದಿತ್ತು ಅಂತ ನಿಮಗೆ ನಿಜವಾಗಿ ಅನ್ನಿಸಿತ್ತಾ?

ಎರಡು ಲೋಟ
ಅನ್ನಬಹುದಿತ್ತು ಅಂತಲೇ ಅಂದುಕೊಂಡಿದ್ದೇನೆ. ಹೌದು ಅಂದೆನಲ್ಲ, ಹಾಗಾಗಿ ಪರೀಕ್ಷೆ ಆಗಲೇ ಇಲ್ಲ ಬಿಡಿ.

ಹೊಸಬಳು
ಎಲ್ಲರಿಗೂ ಥ್ಯಾಂಕ್ಸ್. ನನಗೆ ಅವರ ಮೇಲೆ ಹಾಗೇನೂ ಇಲ್ಲ, ಮರ್ಯಾದೆ ಅಷ್ಟೇ ಇತ್ತು. ಸೋಮವಾರ ಆ ಎಂಟು ಗಂಟೆಯ ಮೆಸೇಜ್ ಕಳಿಸಿದೆ. "ಓಕೆ, ಸಾರಿ" ಅಂತ ಉತ್ತರ ಬಂತು. ನಾಲ್ಕು ರಾತ್ರಿ ಏನೂ ಬರಲಿಲ್ಲ. ಸಮಾಧಾನ ಆಯಿತು. ಆದರೆ ಇವತ್ತು ನಾನು ಮೂರು ವಾರದಿಂದ ತಯಾರಿ ಮಾಡಿದ್ದ ಪ್ರೆಸೆಂಟೇಶನ್ ಅನ್ನು ಬೇರೆಯವರಿಗೆ ಕೊಟ್ಟರು. ಇದು ಅದೇನಾ?

ನೇರಮಾತು
ಅದೇ, ಇನ್ನೇನು! ಇವತ್ತೇ ಎಚ್‌ಆರ್‌ಗೆ ಹೋಗಿ.

ಹಳೆಯ ಕಡತ
ಇರಬಹುದು, ಇಲ್ಲದೆಯೂ ಇರಬಹುದು. ಒಂದರಿಂದ ತೀರ್ಮಾನ ಮಾಡೋದು ಕಷ್ಟ. ಕಾರಣ ಕೇಳಿ, ಮೇಲ್‌ನಲ್ಲೇ ಕೇಳಿ: "ಸರ್, ಈ ಪ್ರೆಸೆಂಟೇಶನ್ ನಾನು ತಯಾರಿಸಿದ್ದೆ. ಬದಲಾವಣೆಗೆ ಕಾರಣ ತಿಳಿಸಿದರೆ ಮುಂದಿನ ಸಲ ಸರಿಮಾಡಿಕೊಳ್ಳುತ್ತೇನೆ." ಸಿಟ್ಟು ಕಾಣಬಾರದು. ಸರಿಯಾದ ಕಾರಣ ಇದ್ದರೆ ಬರೆಯುತ್ತಾರೆ. ಇಲ್ಲದಿದ್ದರೆ ಉತ್ತರ ಬರುವುದಿಲ್ಲ, ಅಥವಾ "ಬಂದು ಮಾತಾಡು" ಅನ್ನುತ್ತಾರೆ. ಮಾತಾಡಿದರೆ ವಾಪಸ್ ಬಂದು, "ನೀವು ಹೀಗೆ ಹೇಳಿದಿರಿ, ನಾನು ಸರಿಯಾಗಿ ತಿಳಿದುಕೊಂಡೆನಾ" ಅಂತ ಒಂದು ಸಾಲು ಮೇಲ್ ಹಾಕಿ.

ಇವತ್ತು ರಾತ್ರಿಯೇ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ತಾರೀಖು, ಹೊತ್ತು, ಅವರು ಆಡಿದ ಮಾತು ಆಡಿದ ಹಾಗೇ, ಎದುರಿಗೆ ಯಾರಿದ್ದರು. ನಿಮ್ಮ ವ್ಯಾಖ್ಯಾನ ಬೇಡ. ಚಾಟ್‌ನ ಸ್ಕ್ರೀನ್‌ಶಾಟ್‌ನಲ್ಲಿ ಹೆಸರು, ತಾರೀಖು ಎರಡೂ ಕಾಣಬೇಕು. ಆಫೀಸ್ ಫೋನ್, ಲ್ಯಾಪ್‌ಟಾಪ್‌ನಲ್ಲಿ ಮಾತ್ರ ಇಟ್ಟರೆ ಕೆಲಸ ಬಿಟ್ಟ ದಿನ ಅದೂ ವಾಪಸ್ ಹೋಗುತ್ತದೆ. ಹಾಗಂತ ಆಫೀಸಿನ ಕಡತಗಳನ್ನು ಸ್ವಂತ ಮೇಲ್‌ಗೆ ಕಳಿಸಿಕೊಳ್ಳಬೇಡಿ, ಅದನ್ನೇ ನಿಮ್ಮ ಮೇಲೆ ತಿರುಗಿಸುತ್ತಾರೆ. ಮೊದಲು ಅವರು ನಿಮ್ಮ ರಿಪೋರ್ಟ್ ಮೆಚ್ಚಿ ಬರೆದ ಮೇಲ್‌ಗಳು ಯಾವ ತಾರೀಖಿನವು ಅಂತ ಗುರುತು ಹಾಕಿಕೊಳ್ಳಿ. ಅಪ್ರೈಸಲ್ ದಿಢೀರನೆ ಕೆಟ್ಟದಾದರೆ ರಾತ್ರಿಯ ಮೆಸೇಜ್‌ಗಳಷ್ಟೇ ಅವೂ ಕೆಲಸಕ್ಕೆ ಬರುತ್ತವೆ.

ಎಚ್‌ಆರ್‌ಗೆ ಹೋಗೋದು ಬೇಡ ಅನ್ನುತ್ತಿಲ್ಲ. ಯಾವಾಗ ಹೋಗಬೇಕು ಅನ್ನೋದು ನಿಮ್ಮ ನಿರ್ಧಾರ. ಆದರೆ ದೂರಿಗೆ ಗಡುವು ಇರುತ್ತದೆ, ದೇಶದಿಂದ ದೇಶಕ್ಕೆ ಬೇರೆ. ಕೆಲಸದ ಜಾಗದಲ್ಲಿ ಹೆಂಗಸರಿಗೆ ಆಗುವ ಲೈಂಗಿಕ ಕಿರುಕುಳದ ಬಗ್ಗೆ ಇರುವ ಭಾರತದ 2013ರ ಕಾನೂನಿನಲ್ಲಿ ಕೊನೆಯ ಘಟನೆಯಿಂದ 3 ತಿಂಗಳು. ಸರಿಯಾದ ಕಾರಣ ಇದ್ದರೆ ಸಮಿತಿ ಇನ್ನೂ 3 ತಿಂಗಳು ಕೊಡಬಹುದು. ನೋಡೋಣ, ನೋಡೋಣ ಅಂತ ವರ್ಷ ಕಳೆದು ಬಂದವರನ್ನು ನಾವು ಕೈಚೆಲ್ಲಿ ಕಳಿಸಿದ್ದಿದೆ.

ಅರ್ಧ ಥೀಸಿಸ್
ಪ್ರೆಸೆಂಟೇಶನ್ ಯಾರಿಗೆ ಕೊಟ್ಟರೋ ಅವರ ಮೇಲೆ ಮುನಿಸಿಕೊಳ್ಳಬೇಡಿ. ನಾನು ಆ ತಪ್ಪು ಮಾಡಿದ್ದೆ.

ಹೊಸಬಳು
ಅವಳ ಜೊತೆಗೇ ಊಟ ಮಾಡಿದೆ ಇವತ್ತು. ಅವಳಿಗೂ ಮೊದಲು ಇಂಥ ಮೆಸೇಜ್ ಬರುತ್ತಿದ್ದವಂತೆ, ಮದುವೆ ಗೊತ್ತಾದ ಮೇಲೆ ನಿಂತವಂತೆ. ಕಾರಣ ಕೇಳಿ ಮೇಲ್ ಹಾಕಿದ್ದೇನೆ. ಮಧ್ಯಾಹ್ನ ಮೂರಕ್ಕೆ ಹಾಕಿದ್ದು, ಈಗ ಏಳು. ಉತ್ತರ ಬಂದಿಲ್ಲ.